ನಡುರಾತ್ರಿಯ ‘ನಾನಲ್ಲ’: ಮ್ಯೂನಿಕ್‌ನಲ್ಲಿ ಮುಚ್ಚಿಹೋದ ಖಾತೆ ಮತ್ತು ಎರಡನೆಯ ಪ್ರಯಾಣದ ಸಿದ್ಧತೆ

ಹೋದ ವಾರ ಮ್ಯೂನಿಕ್‌ನಿಂದ ಮೈಸೂರಿಗೆ ಮರಳಿದೆ. ಈ ಸಲ ಎಂಬತ್ತು ದಿನಗಳಲ್ಲಿ ನನ್ನ ಯಾವ ಖಾತೆಯೂ ಮುಚ್ಚಿಕೊಳ್ಳಲಿಲ್ಲ. 2024ರ ಜನವರಿಯಲ್ಲಿ, ಮಗಳ ಬಾಣಂತನಕ್ಕೆಂದು ಮೊದಲ ಸಲ ಹೋದಾಗ, ಇಮೇಲ್ ತೆರೆಯುವುದಕ್ಕೆ ನಾಲ್ಕು ದಿನ ಬೇಕಾಗಿತ್ತು. ಎರಡೂ ಸಲ ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವಳಿಗೆ ಪ್ರಯೋಗದ ದಾಖಲೆ ಬರೆಯುವ ಅಭ್ಯಾಸ ಬಿಡುವುದಿಲ್ಲ. ಅದನ್ನೇ ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

ಮೊದಲ ಪ್ರಯಾಣ, ಜನವರಿ 2024

ಹೊರಡುವ ಮುನ್ನ ಒಂದು ‘ಜಾಣ’ ಏರ್ಪಾಡು ಮಾಡಿದ್ದೆ. ಹಳೆಯ ಫೋನನ್ನು ಸಿಮ್ ಸಮೇತ ನಮ್ಮವರ ಕೈಗೆ ಕೊಟ್ಟು, ಒಟಿಪಿ ಬಂದರೆ ಕರೆ ಮಾಡಿ ಓದಿ ಹೇಳಿ ಎಂದಿದ್ದೆ. ಗೊತ್ತಿಲ್ಲದ ಸೂಚನೆ ಏನಾದರೂ ಬಂದರೆ ‘ಬೇಡ’ ಎಂದು ಒತ್ತಿಬಿಡಿ ಎಂದೂ ಹೇಳಿದ್ದೆ. ಮ್ಯೂನಿಕ್‌ನಲ್ಲಿ ಮಗಳು ಹೊಸ ಫೋನ್ ತೆಗೆದಿಟ್ಟಿದ್ದಳು. ದಾರಿಯಲ್ಲಿ ಬಳಸಿದ್ದು ನನ್ನ ಟ್ಯಾಬ್ಲೆಟ್. ದೋಹಾ ವಿಮಾನ ನಿಲ್ದಾಣದ ವೈಫೈಗೆ ಸೇರುವಾಗ ಅದರಲ್ಲಿ ಉಚಿತ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದೆ. ನಮ್ಮ ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿ ಬೇರೆ ಊರಿನ ಯಂತ್ರವೊಂದರ ಮೂಲಕ ಹಾಯಿಸುವ ಆ್ಯಪ್ ಅದು. ಮ್ಯೂನಿಕ್‌ನಲ್ಲಿ ಅದೇ ಆ್ಯಪನ್ನು ಹೊಸ ಫೋನಿಗೂ ಹಾಕಿ, ಆನ್ ಮಾಡಿ, ಆಮೇಲೆ ಇಮೇಲ್‌ಗೆ ಲಾಗಿನ್ ಮಾಡಲು ಕುಳಿತೆ.

ಮೊದಲ ಪ್ರಯತ್ನ. ಅಲ್ಲಿ ರಾತ್ರಿ ಎಂಟು ಗಂಟೆ, ಮೈಸೂರಿನಲ್ಲಿ ಹನ್ನೆರಡೂವರೆ. ಪಾಸ್‌ವರ್ಡ್ ಸರಿಯಾಗಿತ್ತು. ‘ನಿಮ್ಮ ಫೋನಿಗೆ ಸೂಚನೆ ಕಳುಹಿಸಿದ್ದೇವೆ, ಹೌದು ಎಂದು ಒತ್ತಿ’ ಎಂಬ ಪುಟ ಬಂತು. ನಮ್ಮವರು ಮಲಗಿರುತ್ತಾರೆ, ಬೆಳಿಗ್ಗೆ ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಲಾಗಿನ್ ತಿರಸ್ಕೃತವಾಯಿತು.

ಎರಡನೆಯ ಪ್ರಯತ್ನ. ವಿಪಿಎನ್ ನೆದರ್‌ಲ್ಯಾಂಡ್ಸ್‌ಗೆ ಸೇರಿಕೊಂಡಿದ್ದನ್ನು ಆಗ ಗಮನಿಸಿದೆ. ಅದನ್ನು ಆಫ್ ಮಾಡುವ ಬದಲು ‘ಇಂಡಿಯಾ’ ಎಂದು ಬದಲಿಸಿದೆ. ಊರಿನಿಂದಲೇ ಬಂದಂತೆ ಕಾಣುತ್ತದೆ ಎಂಬುದು ನನ್ನ ಲೆಕ್ಕ. ಈ ಲೆಕ್ಕ ಎರಡು ಕಡೆ ತಪ್ಪಿತ್ತು. ಒಂದು, ವಿಪಿಎನ್ ಕೊಡುವ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಯಾವುದೋ ಡೇಟಾ ಸೆಂಟರಿನದು, ಮನೆಯ ಬ್ರಾಡ್‌ಬ್ಯಾಂಡಿನದಲ್ಲ. ಆ ವ್ಯತ್ಯಾಸ ಲಾಗಿನ್ ಪರೀಕ್ಷಿಸುವ ಕಡೆಯವರಿಗೆ ಸುಲಭವಾಗಿ ಗೊತ್ತಾಗುತ್ತದೆ. ಎರಡು, 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ವಿಪಿಎನ್ ಕಂಪನಿಗಳಿಗೆ ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಆದೇಶಿಸಿದ ಮೇಲೆ ಹಲವು ವಿದೇಶಿ ಕಂಪನಿಗಳು ಭಾರತದೊಳಗಿನ ಯಂತ್ರಗಳನ್ನು ತೆಗೆದವು. ಪಟ್ಟಿಯಲ್ಲಿ ‘ಇಂಡಿಯಾ’ ಎಂದು ಕಂಡರೂ ಯಂತ್ರ ಸಿಂಗಪುರದಂಥ ಬೇರೆ ಊರಿನಲ್ಲಿರಬಹುದು. ಅಂತೂ ಹತ್ತು ನಿಮಿಷದೊಳಗೆ ಅದೇ ಖಾತೆಯನ್ನು, ಅದೇ ಹೊಸ ಫೋನು, ಎರಡು ದೇಶಗಳಿಂದ ತಟ್ಟಿದಂತಾಯಿತು.

ಮೂರನೆಯ ಪ್ರಯತ್ನ ಮರುದಿನ. ಎಸ್‌ಎಂಎಸ್ ಒಟಿಪಿ ಕೇಳಿದೆ, ನಮ್ಮವರು ಓದಿ ಹೇಳಿದರು, ಸರಿಯಾಗಿ ತುಂಬಿದೆ. ಆದರೂ ‘ಈ ಖಾತೆ ನಿಮ್ಮದೇ ಎಂದು ಖಚಿತಪಡಿಸಲು ಆಗಲಿಲ್ಲ’ ಎಂಬ ಉತ್ತರ ಬಂತು. ಒಟಿಪಿ ಸರಿಯಾಗಿದ್ದೂ ಬಾಗಿಲು ತೆರೆಯದೇ ಇರುವುದು ಹೇಗೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಪರ್ಯಾಯ ಇಮೇಲ್ ಎಂದು ಕೊಟ್ಟಿದ್ದು ಕಾಲೇಜಿನ ವಿಳಾಸ. ನಿವೃತ್ತಿಯಾದ ಮೇಲೆ ಅದು ಇರಲೇ ಇಲ್ಲ.

ಆ ಸಂಜೆ ಫೋನಿನಲ್ಲಿ ಮಾತಾಡುವಾಗ ನಮ್ಮವರು ಹೇಳಿದರು: “ನಿನ್ನೆ ನಡುರಾತ್ರಿ ಯಾರೋ ನೆದರ್‌ಲ್ಯಾಂಡ್ಸ್‌ನಿಂದ ನಿನ್ನ ಖಾತೆಗೆ ನುಗ್ಗುತ್ತಿದ್ದರು. ನಾನಲ್ಲ ಎಂದು ಒತ್ತಿ ತಡೆದೆ.”

ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಹೆಂಡತಿ ಹೋಗಿರುವುದು ಜರ್ಮನಿಗೆ, ಸೂಚನೆಯಲ್ಲಿ ಬರೆದಿರುವುದು ನೆದರ್‌ಲ್ಯಾಂಡ್ಸ್. ಎಚ್ಚರ ಇರುವ ಯಾರಾದರೂ ಹಾಗೆಯೇ ಒತ್ತುತ್ತಾರೆ. ತಪ್ಪು ನನ್ನದು. ಹೊಸ ಫೋನು, ಹೊಸ ದೇಶ, ವಿಪಿಎನ್ ಮೂರನ್ನೂ ಒಂದೇ ಗಳಿಗೆಯಲ್ಲಿ ಸೇರಿಸಿದ್ದೆ. ಖಾತೆಯ ಒಡೆಯರಿಂದಲೇ ‘ನಾನಲ್ಲ’ ಎಂಬ ಉತ್ತರ ಹೋದ ಮೇಲೆ ಒಂದು ಒಟಿಪಿಯ ಮಾತನ್ನು ಇಮೇಲ್ ಕಂಪನಿಯವರು ನಂಬದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಬಾಗಿಲು ತೆರೆದದ್ದು ಹೇಗೆ

“ಅಮ್ಮಾ, ಆ ವಿಪಿಎನ್ ಆಫ್ ಮಾಡು, ಎರಡು ದಿನ ಮುಟ್ಟಬೇಡ” ಎಂದಳು ಮಗಳು. ಮುಟ್ಟಲಿಲ್ಲ. ಮೇಲಿಂದ ಮೇಲೆ ಪ್ರಯತ್ನಿಸಿದಷ್ಟೂ ಪುಟದಲ್ಲಿ ಕಾಣುವ ದಾರಿಗಳು ಕಡಿಮೆಯಾಗುತ್ತಾ ಬಂದಿದ್ದವು. ಮೊದಲು ನಾಲ್ಕು ಆಯ್ಕೆಗಳಿದ್ದವು, ಮೂರನೆಯ ಸಲಕ್ಕೆ ಎರಡೇ ಉಳಿದಿದ್ದವು. ಹೀಗೆ ಆಯ್ಕೆಗಳು ಕರಗುತ್ತಿದ್ದರೆ ಕೈ ತೆಗೆಯಬೇಕು ಎಂಬುದಕ್ಕೆ ಅದೇ ಗುರುತು.

ನಾಲ್ಕನೆಯ ದಿನ ಕೆಲಸವನ್ನು ತಿರುಗಿಸಿ ಮಾಡಿದೆವು. ಮೈಸೂರಿನ ಮನೆಯ ಲ್ಯಾಪ್‌ಟಾಪಿನಲ್ಲಿ ನನ್ನ ಇಮೇಲ್ ವರ್ಷಗಳಿಂದ ತೆರೆದೇ ಇತ್ತು. ಅದೇ ಬ್ರೌಸರ್, ಅದೇ ಬ್ರಾಡ್‌ಬ್ಯಾಂಡ್, ಪಕ್ಕದಲ್ಲೇ ಹಳೆಯ ಫೋನು. ನಾನು ಕರೆಯಲ್ಲಿ ಹೇಳುತ್ತಾ ಹೋದೆ, ಅವರು ಒತ್ತುತ್ತಾ ಹೋದರು. ಭದ್ರತೆಯ ಪುಟಕ್ಕೆ ಹೋದಾಗ ಪಾಸ್‌ವರ್ಡ್ ಮತ್ತೊಮ್ಮೆ ಕೇಳಿತು, ಆಮೇಲೆ ಹಳೆಯ ಫೋನಿಗೆ ಸೂಚನೆ ಬಂತು. ಈ ಸಲ ‘ಹೌದು’ ಎಂದು ಒತ್ತಿದರು. ಒಂದು ತಕರಾರೂ ಇಲ್ಲದೆ ಒಳಗೆ ಬಿಟ್ಟಿತು. ಅಲ್ಲಿ ಪಾಸ್‌ವರ್ಡ್ ಬದಲಿಸಿ, ಫೋನ್ ಕೈಯಲ್ಲಿಲ್ಲದಾಗಲೂ ಲಾಗಿನ್ ಆಗಲು ಬಳಸುವ ಬ್ಯಾಕಪ್ ಕೋಡ್‌ಗಳನ್ನು ತೆಗೆದೆವು. ಎಂಟೆಂಟು ಅಂಕಿಯ ಹತ್ತು ಕೋಡ್‌ಗಳು, ಒಂದೊಂದೂ ಒಂದೇ ಸಲಕ್ಕೆ.

ಮ್ಯೂನಿಕ್‌ನಲ್ಲಿ ನಾನು ಹೊಸ ಫೋನಿನಲ್ಲಿ, ವಿಪಿಎನ್ ಇಲ್ಲದೆ, ಮಗಳ ಮನೆಯ ವೈಫೈಯಿಂದ ಹೊಸ ಪಾಸ್‌ವರ್ಡ್ ಕೊಟ್ಟೆ. ‘ಬೇರೆ ದಾರಿ’ ಎಂಬುದನ್ನು ಒತ್ತಿ, ಅವರು ಓದಿ ಹೇಳಿದ ಮೊದಲ ಕೋಡ್ ತುಂಬಿದೆ. ತೆರೆಯಿತು. ಅಂದೇ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿ, ಕೋಡ್‌ಗಳ ಹೊಸ ಕಂತೆ ತೆಗೆದುಕೊಂಡೆ. ಹೊಸದನ್ನು ತೆಗೆದ ಕೂಡಲೇ ಹಳೆಯ ಕಂತೆ ಸತ್ತುಹೋಗುತ್ತದೆ. ಕರೆಯಲ್ಲಿ ಗಟ್ಟಿಯಾಗಿ ಓದಿದ ಗುಟ್ಟನ್ನು ಹಾಗೆಯೇ ಉಳಿಸಿಕೊಳ್ಳಬಾರದು.

ಯುಪಿಐ ಮಾತ್ರ ಆ ಪ್ರಯಾಣದಲ್ಲಿ ಕೊನೆಯವರೆಗೂ ಆಗಲಿಲ್ಲ. ಯುಪಿಐ ಆ್ಯಪ್‌ಗೆ ಒಟಿಪಿ ಓದಿ ಹೇಳಿದರೆ ಸಾಲದು. ಫೋನಿನೊಳಗಿರುವ ಸಿಮ್‌ನಿಂದ ಅದು ತಾನೇ ಒಂದು ಎಸ್‌ಎಂಎಸ್ ಕಳುಹಿಸಿ, ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರು ಇದೇ ಫೋನಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳುತ್ತದೆ. ಸಿಮ್ ಮೈಸೂರಿನಲ್ಲಿ, ಫೋನ್ ಮ್ಯೂನಿಕ್‌ನಲ್ಲಿ ಇದ್ದರೆ ದಾರಿಯೇ ಇಲ್ಲ. ಸಿಮ್ಮನ್ನು ಮನೆಯಲ್ಲಿ ಬಿಟ್ಟು ಹೋಗುವ ಏರ್ಪಾಡನ್ನು ನಮ್ಮ ಬೀದಿಯಲ್ಲಿ ಮಕ್ಕಳ ಬಳಿಗೆ ಹೋಗುವ ಹಿರಿಯರು ಹಲವರು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ.

ಎರಡನೆಯ ಸಿದ್ಧತೆ, ಡಿಸೆಂಬರ್ 2024

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಜನವರಿ ಕೊನೆಗೆ ಹೊರಡಬೇಕಿತ್ತು. ಆರು ವಾರ ಮೊದಲೇ ಕೆಲಸ ಶುರು ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಗೆರೆ ಎಳೆದುಕೊಂಡೆ. ಹೊಸ ಫೋನಿಗೆ ಎಲ್ಲ ಖಾತೆಗಳನ್ನೂ ಮೈಸೂರಿನ ಮನೆಯ ವೈಫೈಯಲ್ಲೇ, ಹಳೆಯ ಫೋನ್ ಪಕ್ಕದಲ್ಲಿಟ್ಟುಕೊಂಡು ಸೇರಿಸಿದೆ. ಆಗ ಬಂದ ಪ್ರಶ್ನೆಗಳಿಗೆಲ್ಲ ಎರಡು ನಿಮಿಷದಲ್ಲಿ ಉತ್ತರ ಸಿಕ್ಕಿತು.

*ಸಿಮ್.* ಜರ್ಮನಿಯ ಸಿಮ್‌ಗೆ ಜಾಗ ಬೇಕೆಂದು ನನ್ನ ಭಾರತದ ಸಿಮ್ಮನ್ನು ಕಾರ್ಡ್ ಬೇಡದ ಇ-ಸಿಮ್ ಮಾಡಿಸಿದೆ. ಇಲ್ಲೊಂದು ಪೆಟ್ಟು ಬಿತ್ತು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಕದ್ದ ನಂಬರಿನಿಂದ ಹಣ ಹೊಡೆಯುವುದನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಅದನ್ನು ಮರೆತು ಅಂದೇ ಗ್ಯಾಸ್ ಬುಕ್ ಮಾಡಿ ಹಣ ಕಟ್ಟಲು ಹೋಗಿ ಒಟಿಪಿಗಾಗಿ ಕಾದು ಕುಳಿತೆ. ಮನೆಯಲ್ಲಿದ್ದೆ, ಆದ್ದರಿಂದ ನಷ್ಟವಾಗಲಿಲ್ಲ. ವಿಮಾನ ಹತ್ತುವ ಹಿಂದಿನ ದಿನ ಮಾಡಿಸಿದ್ದರೆ ಗತಿ ಏನು? ಸಿಮ್‌ನ ಯಾವ ಕೆಲಸವಿದ್ದರೂ ಕನಿಷ್ಠ ಹತ್ತು ದಿನ ಮೊದಲು ಮುಗಿಸಿ. ಆಮೇಲೆ ಯುಪಿಐ ಆ್ಯಪನ್ನು ಮತ್ತೆ ನೋಂದಾಯಿಸಬೇಕಾಗಬಹುದು. ಅದನ್ನೂ ಊರಿನಲ್ಲಿದ್ದಾಗಲೇ ಮಾಡಿ.

ಅಂತರರಾಷ್ಟ್ರೀಯ ರೋಮಿಂಗನ್ನು ಊರಿನಲ್ಲೇ ಚಾಲೂ ಮಾಡಿಸಿ, ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿಟ್ಟೆ. ಬರುವ ಎಸ್‌ಎಂಎಸ್‌ಗೆ ನನ್ನ ಪ್ಲಾನಿನಲ್ಲಿ ಹಣವಿಲ್ಲ, ಕರೆ ಎತ್ತಿದರೆ ಮತ್ತು ಎಸ್‌ಎಂಎಸ್ ಕಳುಹಿಸಿದರೆ ಹಣವಿದೆ. ಮರಳುವವರೆಗೆ ಮುಗಿಯದಂಥ ರೀಚಾರ್ಜನ್ನೂ ಮಾಡಿಸಿದೆ.

*ಕೋಡ್‌ಗಳು.* ಇಮೇಲ್‌ನ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಬರೆದು ಪಾಸ್‌ಪೋರ್ಟಿನ ಚೀಲದಲ್ಲಿಟ್ಟೆ. ಕಾಗದದ ಮೇಲೆ ಯಾವ ಖಾತೆ ಎಂದು ಬರೆಯಲಿಲ್ಲ. ಫೋನಿನಲ್ಲೇ ಚಿತ್ರ ತೆಗೆದಿಟ್ಟರೆ ಫೋನ್ ಹೋದ ದಿನ ಅದೂ ಹೋಗುತ್ತದೆ. ಇದಲ್ಲದೆ ಮೂವತ್ತು ಸೆಕೆಂಡಿಗೊಮ್ಮೆ ಆರಂಕಿಯ ಸಂಖ್ಯೆ ಬದಲಿಸುವ ಅಥೆಂಟಿಕೇಟರ್ ಆ್ಯಪನ್ನು ಫೋನಿಗೂ ಟ್ಯಾಬ್ಲೆಟಿಗೂ ಹಾಕಿದೆ. ಪರದೆಯ ಮೇಲೆ ಕ್ಯುಆರ್ ಚೌಕ ಬಂದಾಗ ಎರಡರಿಂದಲೂ ಅದನ್ನೇ ಸ್ಕ್ಯಾನ್ ಮಾಡಿದರೆ ಎರಡರಲ್ಲೂ ಒಂದೇ ಸಂಖ್ಯೆ ಬರುತ್ತದೆ. ಅದಕ್ಕೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಪರ್ಯಾಯ ಇಮೇಲ್ ಜಾಗಕ್ಕೆ ಮಗಳ ವಿಳಾಸ ಕೊಟ್ಟೆ.

*ತಾಲೀಮು.* ಒಂದು ಭಾನುವಾರ ಫೋನನ್ನು ಆರಿಸಿ ಬೀರುವಿನಲ್ಲಿಟ್ಟು, ಫೋನ್ ಕಳೆದುಹೋಗಿದೆ ಎಂದುಕೊಂಡು, ಲ್ಯಾಪ್‌ಟಾಪಿನ ಖಾಸಗಿ ಕಿಟಕಿಯಲ್ಲಿ ಒಂದೊಂದೇ ಖಾತೆಗೆ ಲಾಗಿನ್ ಮಾಡಿ ನೋಡಿದೆ. ಐದರಲ್ಲಿ ಎರಡು ಖಾತೆಗಳಿಗೆ ಎಸ್‌ಎಂಎಸ್ ಬಿಟ್ಟರೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಇಡೀ ಸಿದ್ಧತೆಯಲ್ಲಿ ಹೆಚ್ಚು ಉಪಯೋಗವಾದ ಒಂದು ಗಂಟೆ ಅದು.

ಮನೆಯನ್ನೇ ವಿಪಿಎನ್ ಮಾಡಿದ್ದು, ಜನವರಿ 2025

ಮೊದಲ ಪ್ರಯಾಣದಲ್ಲಿ ಇನ್ನೊಂದು ತೊಡಕು ಕಂಡಿತ್ತು. ನನ್ನ ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಪುಟ ಜರ್ಮನಿಯಿಂದ ತೆರೆಯುತ್ತಲೇ ಇರಲಿಲ್ಲ. ಖಾತೆ ಒಳಗೆ ಬಿಡದಿರುವುದನ್ನೂ ಪುಟವೇ ತೆರೆಯದಿರುವುದನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಪುಟ ತೆರೆದು, ಪಾಸ್‌ವರ್ಡ್ ಒಪ್ಪಿ, ಆಮೇಲೆ ಹೆಚ್ಚಿನ ಪ್ರಶ್ನೆ ಬಂದರೆ ಅದು ‘ನೀವು ಯಾರು’ ಎಂಬ ತಪಾಸಣೆ. ಅದಕ್ಕೆ ಕೋಡು, ಸಿಮ್ಮು ಮದ್ದು. ಪುಟವೇ ಬಾರದೆ ಸುತ್ತುತ್ತಾ ನಿಂತು, ಅದೇ ಹೊತ್ತಿಗೆ ಊರಿನವರಿಗೆ ಸರಿಯಾಗಿ ತೆರೆದರೆ, ವಿದೇಶದ ವಿಳಾಸಗಳನ್ನೇ ತಡೆದಿದ್ದಾರೆ ಎಂದು ಅರ್ಥ. ಅದಕ್ಕೆ ಕೋಡ್ ಏನೂ ಮಾಡಲಾರದು, ಭಾರತದ ವಿಳಾಸವೇ ಬೇಕು. ಮಾರುಕಟ್ಟೆಯ ವಿಪಿಎನ್‌ನ ಡೇಟಾ ಸೆಂಟರ್ ವಿಳಾಸಕ್ಕಿಂತ ನನ್ನ ಮನೆಯ ವಿಳಾಸವೇ ವಾಸಿ ಎಂದು ತೀರ್ಮಾನಿಸಿದೆ.

ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಕೊಂಡೆ, 2 ಜಿಬಿಯದು. ನನಗೆ ಬಿದ್ದ ಬೆಲೆ 4,800 ರೂಪಾಯಿ. ಮೆಮೊರಿ ಕಾರ್ಡ್ 450, ಅದರದೇ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ 700. ಹಳೆಯ ಫೋನ್ ಚಾರ್ಜರಿನಲ್ಲಿ ನಡೆಸಿ ನೋಡಿದೆ, ಪೈ ತಾನಾಗಿ ಮರುಚಾಲೂ ಆಗುತ್ತಿತ್ತು. ಚಾರ್ಜರಿಗೆ ಉಳಿತಾಯ ಮಾಡಲು ಹೋಗಬೇಡಿ.

ಮೊದಲು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಹೊರಗಿನಿಂದ ಅದನ್ನು ತಲುಪಲು ರೂಟರಿನಲ್ಲಿ ಪೋರ್ಟ್ ಎಂಬ ದಾರಿ ತೆರೆದೆ. ಎರಡು ಸಂಜೆ ಹೋಯಿತು, ಹೊರಗಿನಿಂದ ತಲುಪಲೇ ಇಲ್ಲ. ಕಾರಣ ರೂಟರಿನ ಪುಟದಲ್ಲೇ ಇತ್ತು: ಹೊರಗಿನ ವಿಳಾಸ `100.72` ಎಂದು ಶುರುವಾಗುತ್ತಿತ್ತು. `100.64`ರಿಂದ `100.127`ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿ ತನ್ನೊಳಗೆ ಹಂಚುವಂಥವು, ಹತ್ತಾರು ಮನೆಗಳು ಒಂದೇ ಹೊರ ವಿಳಾಸವನ್ನು ಹಂಚಿಕೊಂಡಿರುತ್ತವೆ. ಹಾಗಿದ್ದರೆ ಪೋರ್ಟ್ ತೆರೆದು ಫಲವಿಲ್ಲ. ಮೊದಲೇ ಇದನ್ನು ನೋಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ವೈರ್‌ಗಾರ್ಡನ್ನೇ ಬಳಸಿ ನಮ್ಮ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಟೇಲ್‌ಸ್ಕೇಲ್ ಎಂಬ ಸೇವೆ ಈ ಅಡ್ಡಿಯನ್ನು ತಾನೇ ದಾಟುತ್ತದೆ. ಪೈಯಲ್ಲಿ ಕೊಟ್ಟ ಆದೇಶಗಳು ಇಷ್ಟೇ:

```
curl -fsSL https://tailscale.com/install.sh | sh
echo 'net.ipv4.ip_forward = 1' | sudo tee -a /etc/sysctl.d/99-tailscale.conf
echo 'net.ipv6.conf.all.forwarding = 1' | sudo tee -a /etc/sysctl.d/99-tailscale.conf
sudo sysctl -p /etc/sysctl.d/99-tailscale.conf
sudo tailscale up --advertise-exit-node
```

ಕೊನೆಯ ಆದೇಶ ಒಂದು ಕೊಂಡಿ ಕೊಡುತ್ತದೆ, ಅದನ್ನು ತೆರೆದು ಲಾಗಿನ್ ಆಗಬೇಕು. ನಂತರ ಟೇಲ್‌ಸ್ಕೇಲ್‌ನ ನಿರ್ವಹಣಾ ಪುಟದಲ್ಲಿ ಪೈಗೆ `Use as exit node` ಎಂದು, ಅಂದರೆ ಫೋನಿನ ಸಂಪರ್ಕ ಪೈ ಮೂಲಕ ಹೊರಗೆ ಹೋಗಲಿ ಎಂದು, ಅನುಮತಿ ಕೊಡಬೇಕು. ಇದನ್ನು ಮರೆತರೆ ಫೋನಿನ ಪಟ್ಟಿಯಲ್ಲಿ ಪೈ ಕಾಣುವುದೇ ಇಲ್ಲ. ಅಲ್ಲೇ `Disable key expiry` ಎಂಬುದನ್ನೂ ಒತ್ತಿದೆ, ಇಲ್ಲದಿದ್ದರೆ ಸಾಮಾನ್ಯವಾಗಿ 180 ದಿನಗಳಿಗೊಮ್ಮೆ ಪೈ ಮುಂದೆ ಕುಳಿತು ಮತ್ತೆ ಲಾಗಿನ್ ಆಗಬೇಕು.

ಪರೀಕ್ಷೆಯನ್ನು ಮನೆಯ ವೈಫೈಯಲ್ಲಿ ಮಾಡಿದರೆ ಏನೂ ತಿಳಿಯುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪಟ್ಟಿಯಿಂದ ಪೈಯನ್ನು ಆಯ್ದುಕೊಂಡು `https://ifconfig.me` ತೆರೆದೆ. ಮನೆಯ ಲ್ಯಾಪ್‌ಟಾಪ್ ಅದೇ ಪುಟದಲ್ಲಿ ತೋರಿಸಿದ ವಿಳಾಸವೇ ಇಲ್ಲೂ ಬಂತು. ಆಮೇಲೆ ಪ್ಲಗ್ ಕಿತ್ತು ಮತ್ತೆ ಹಾಕಿ, ಕರೆಂಟು ಹೋಗಿ ಬಂದರೂ ತಾನೇ ಏಳುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಪ್ಲಗ್ ಮೇಲೆ ‘ತೆಗೆಯಬೇಡಿ’ ಎಂದು ಚೀಟಿ ಅಂಟಿಸಿದೆ.

ಒಂದು ಸುತ್ತುಬಳಸನ್ನು ಮುಂಚೆಯೇ ಬಿಡಿಸಬೇಕು. ಟೇಲ್‌ಸ್ಕೇಲ್‌ಗೆ ನಾನು ಲಾಗಿನ್ ಆಗುವುದು ಇಮೇಲ್ ಖಾತೆಯ ಮೂಲಕ. ಇಮೇಲ್ ಮುಚ್ಚಿಹೋದ ಮೇಲೆ ಇದನ್ನು ಹೊಸದಾಗಿ ಹಾಕಲು ಹೋದರೆ ಆಗುವುದಿಲ್ಲ. ಫೋನು, ಟ್ಯಾಬ್ಲೆಟ್ ಎರಡರಲ್ಲೂ ಊರಿನಲ್ಲೇ ಲಾಗಿನ್ ಆಗಿಟ್ಟೆ.

ಮ್ಯೂನಿಕ್, ಜನವರಿ ಕೊನೆಯಿಂದ

ಇಳಿದ ದಿನ ಯಾವ ವಿಪಿಎನ್ ಇಲ್ಲದೆ ಮಗಳ ಮನೆಯ ವೈಫೈಗೆ ಸೇರಿದೆ. ಫೋನು ಹಳೆಯ ಪರಿಚಯದ್ದೇ, ದೇಶವೊಂದೇ ಹೊಸದು. ಇಮೇಲ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಭಾರತದ ನಂಬರಿಗೆ ಪರೀಕ್ಷೆಯ ಎಸ್‌ಎಂಎಸ್ ಕಳುಹಿಸಲು ನಮ್ಮವರಿಗೆ ಹೇಳಿದೆ, ಅರ್ಧ ನಿಮಿಷದಲ್ಲಿ ಬಂತು.

ನಾಲ್ಕನೆಯ ದಿನ ಮಗಳ ಕಂಪ್ಯೂಟರಿನಲ್ಲಿ ಇಮೇಲ್ ತೆರೆಯಲು ಹೋದಾಗ ಫೋನು ಚಾರ್ಜಿಗೆ ಮೇಲಿನ ಕೋಣೆಯಲ್ಲಿತ್ತು. ಟ್ಯಾಬ್ಲೆಟಿನ ಆರಂಕಿ ಸಂಖ್ಯೆ ಕೊಟ್ಟೆ. ತಪ್ಪು ಎಂದಿತು. ಮೂರು ಸಲ ತಪ್ಪು. ಎದೆ ಧಸಕ್ಕೆಂದಿತು, ಹೋದ ವರ್ಷದ್ದೇ ಮತ್ತೆ ಶುರುವಾಯಿತೇ ಎಂದು. ಕೈ ತೆಗೆದು ಯೋಚಿಸಿದೆ. ಆ ಸಂಖ್ಯೆ ಹುಟ್ಟುವುದು ಗುಟ್ಟಿನ ಕೀಲಿ ಮತ್ತು ಗಡಿಯಾರ ಎರಡರಿಂದ. ಟ್ಯಾಬ್ಲೆಟಿನಲ್ಲಿ ಸ್ವಯಂಚಾಲಿತ ಸಮಯ ಆಫ್ ಆಗಿತ್ತು, ವಿಮಾನ ಇಳಿದ ಮೇಲೆ ನಾನೇ ಕೈಯಿಂದ ನಾಲ್ಕೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದೆ. ಆದರೆ ಸಮಯವಲಯ ಭಾರತದ್ದೇ ಉಳಿದಿತ್ತು. ಹಾಗಾಗಿ ಯಂತ್ರದ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ ಹಿಂದಿನ ಸಂಖ್ಯೆ ಬರುತ್ತಿತ್ತು. ವಲಯ ಬದಲಾದರೆ ತೊಂದರೆಯಿಲ್ಲ, ಗಡಿಯಾರವನ್ನು ತಿರುಗಿಸಿದರೆ ತೊಂದರೆ. ಸ್ವಯಂಚಾಲಿತ ಸಮಯ ಚಾಲೂ ಮಾಡಿದೆ, ಮುಂದಿನ ಸಂಖ್ಯೆಯನ್ನೇ ಒಪ್ಪಿತು.

ಹನ್ನೊಂದನೆಯ ದಿನ ನೆಟ್‌ಬ್ಯಾಂಕಿಂಗ್. ಪುಟ ಸುತ್ತುತ್ತಾ ನಿಂತಿತು, ಆಗ ಮೈಸೂರಿನ ಪೈ ಸಂಪರ್ಕ ಚಾಲೂ ಮಾಡಿದೆ. ಪುಟ ತೆರೆಯಿತು, ಒಟಿಪಿ ನನ್ನ ಕೈಯಲ್ಲೇ ಇದ್ದ ಫೋನಿಗೆ ಬಂತು, ಒಳಗೆ ಹೋದೆ. ಕೆಲಸದ ಮಧ್ಯೆ ವಿಡಿಯೋ ಕರೆ ನಿಧಾನವಾಯಿತೆಂದು ಪೈ ಸಂಪರ್ಕ ಆಫ್ ಮಾಡಿಬಿಟ್ಟೆ. ತಕ್ಷಣ ನೆಟ್‌ಬ್ಯಾಂಕಿಂಗ್ ಹೊರಗೆ ಹಾಕಿತು. ಅದರ ದೃಷ್ಟಿಯಲ್ಲಿ ಮೈಸೂರಿನಲ್ಲಿ ಕುಳಿತವಳು ಮರುಕ್ಷಣ ಮ್ಯೂನಿಕ್‌ಗೆ ಹಾರಿದ್ದಳು. ಅಂದಿನಿಂದ ಲಾಗಿನ್ ಪುಟ ತೆರೆಯುವ ಮೊದಲೇ ಪೈ ಚಾಲೂ ಮಾಡುತ್ತಿದ್ದೆ, ಲಾಗೌಟ್ ಆದ ಮೇಲಷ್ಟೇ ಆಫ್ ಮಾಡುತ್ತಿದ್ದೆ, ಉಳಿದ ಯಾವುದಕ್ಕೂ ಅದನ್ನು ಬಳಸುತ್ತಿರಲಿಲ್ಲ. ಇಮೇಲ್‌ಗೆ ಜರ್ಮನಿಯ ವಿಳಾಸ ಅಭ್ಯಾಸವಾಗಿತ್ತು, ಅದನ್ನು ಕದಲಿಸಲಿಲ್ಲ.

ಯುಪಿಐ ಈ ಸಲ ನಡೆಯಿತು. ಸಿಮ್ ಫೋನಿನಲ್ಲೇ ಇದ್ದುದರಿಂದ ಮತ್ತೆ ನೋಂದಣಿ ಕೇಳಲೇ ಇಲ್ಲ. ಹಾಲಿನವನ ತಿಂಗಳ ಲೆಕ್ಕವನ್ನು ಮ್ಯೂನಿಕ್‌ನ ಅಡುಗೆಮನೆಯಿಂದಲೇ ಕಟ್ಟಿದೆ.

ಎಂಬತ್ತು ದಿನಗಳಲ್ಲಿ ಹತ್ತು ಬ್ಯಾಕಪ್ ಕೋಡ್‌ಗಳಲ್ಲಿ ಒಂದನ್ನೂ ಬಳಸಲಿಲ್ಲ. ಪೈ ಒಂದೇ ಸಲ ಸಿಗದಾಯಿತು. ಕೆಲಸದವಳು ಗುಡಿಸುವಾಗ ರೂಟರಿನ ಕೇಬಲ್ ಸಡಿಲವಾಗಿತ್ತು, ನಮ್ಮವರು ಒತ್ತಿ ಕೂರಿಸಿದರು. ಈಗ ಬಾಕಿ ಇರುವುದು ಅವರದೇ ಖಾತೆ. ಮುಂದಿನ ಸಲ ಅವರೂ ಬರುತ್ತಾರೆ. ಆಗ ಮನೆಯಲ್ಲಿ ‘ಹೌದು’ ಎಂದು ಒತ್ತುವವರು ಯಾರೂ ಇರುವುದಿಲ್ಲ, ಆದ್ದರಿಂದ ಅವರ ಕೋಡ್‌ಗಳನ್ನು ಈ ಭಾನುವಾರವೇ ಬರೆಸುತ್ತೇನೆ.